ಮೂಗಿನ ಹನಿಯ ಬಲೆ

ಪ್ರಶ್ನೆ: ಹಗಲು ಹೇಗೋ ನಡೆಯುತ್ತದೆ, ರಾತ್ರಿ ಮಲಗಿದ ಕೂಡಲೇ ಮೂಗು ಕಟ್ಟುತ್ತದೆ. ಧೂಳಿನ ಅಲರ್ಜಿ ಇದೆ. ಬಾಯಿಯಿಂದ ಉಸಿರಾಡುತ್ತಾ ಮಲಗಿದರೆ ತೊಂದರೆಯೇ?

ಮೊದಲು ನಿಮ್ಮ ದಿಂಬಿನ ಪಕ್ಕ ಮೂಗಿಗೆ ಹಾಕುವ ಹನಿಯ ಬಾಟಲಿ ಇದೆಯೇ ನೋಡಿ. ನನ್ನ ಪಕ್ಕ ಎಂಟು ತಿಂಗಳು ಇತ್ತು. ಕ್ಸೈಲೋಮೆಟಜೋಲಿನ್ ಅಥವಾ ಆಕ್ಸಿಮೆಟಜೋಲಿನ್ ಇರುವ ಹನಿ ಮೂಗಿನೊಳಗೆ ಊದಿದ ರಕ್ತನಾಳಗಳನ್ನು ಕೆಲವೇ ನಿಮಿಷಗಳಲ್ಲಿ ಕುಗ್ಗಿಸುತ್ತದೆ. ಆದರೆ ಐದು ದಿನ ಮೀರಿ ಬಳಸುತ್ತಾ ಹೋದರೆ, ಔಷಧಿಯ ಕಾವು ಇಳಿದಾಗಲೆಲ್ಲ ಅವು ಮತ್ತೆ ಊದಿಕೊಳ್ಳಬಹುದು. ಆಗ ಮೂಗು ಕಟ್ಟುವುದು ಅಲರ್ಜಿಯಿಂದಲೋ ಹನಿಯಿಂದಲೋ ತಿಳಿಯದು. ರಾತ್ರಿಗೊಮ್ಮೆ ಸಾಕಾಗುತ್ತಿದ್ದದ್ದು ಮೂರು ಸಲ ಬೇಕಾದಾಗ ನನಗೆ ಅನುಮಾನ ಬಂತು.

ಕಿವಿ-ಮೂಗು-ಗಂಟಲಿನ ವೈದ್ಯರು ಮೂಗಿನ ಊತ ಇಳಿಸುವ ಫ್ಲೂಟಿಕಾಸೋನ್ ಎಂಬ ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟು, ಹನಿಯನ್ನು ಮೊದಲು ಬಲ ಹೊಳ್ಳೆಗೆ ಮಾತ್ರ ನಿಲ್ಲಿಸಲು ಹೇಳಿದರು. ಎಡ ಹೊಳ್ಳೆಯಿಂದ ಉಸಿರಾಡುತ್ತಾ ಒಂದು ವಾರ ತಳ್ಳಿದೆ. ಬಲಗಡೆ ತೆರೆದ ಮೇಲೆ ಎಡಕ್ಕೂ ಹನಿ ನಿಲ್ಲಿಸಿದೆ. ಈ ಸ್ಪ್ರೇ ಹನಿಯಂತೆ ತಕ್ಷಣ ಮೂಗು ತೆರೆಯುವುದಿಲ್ಲ. ದಿನವೂ ಹಾಕಿದರೆ ಪೂರ್ಣ ಫಲ ಕಾಣಲು ಎರಡು ವಾರವೂ ಆಗಬಹುದು. ಮೂರನೆಯ ದಿನವೇ ಎಸೆಯಬೇಡಿ. ತಲೆ ತುಸು ಬಗ್ಗಿಸಿ, ಬಲ ಹೊಳ್ಳೆಗೆ ಎಡಗೈಯಿಂದ, ತುದಿ ಕಿವಿಯ ಕಡೆಗಿರುವಂತೆ ಹಾಕಿ. ಮೂಗಿನ ನಡುಗೋಡೆಗೆ ಬಡಿದರೆ ರಕ್ತ ಬರಬಹುದು. ಗಂಟಲಿನಲ್ಲಿ ಔಷಧಿಯ ರುಚಿ ಬಂದರೆ ಜೋರಾಗಿ ಎಳೆದುಕೊಂಡಿದ್ದೀರಿ ಎಂದರ್ಥ.

ಮಲಗಿದಾಗಲೇ ಕಟ್ಟುವುದಕ್ಕೆ ಎರಡು ಕಾರಣ. ಮಲಗಿದರೆ ತಲೆಯ ಕಡೆ ರಕ್ತ ಹೆಚ್ಚಾಗಿ, ಕೆಳಗಿರುವ ಹೊಳ್ಳೆ ಊದುತ್ತದೆ. ತಲೆದಿಂಬು ಎತ್ತರಿಸಿದರೆ ಸ್ವಲ್ಪ ಹಗುರ. ಜೊತೆಗೆ ಅಲರ್ಜಿ ತರುವ, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ನುಸಿ ಹಾಸಿಗೆ, ದಿಂಬುಗಳಲ್ಲೇ ವಾಸಿಸುತ್ತದೆ, ನೀವು ಅದರ ಮೇಲೆಯೇ ಮೂಗಿಟ್ಟು ಮಲಗುತ್ತೀರಿ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಕೋಣೆಯ ಧೂಳು ಕೊಡವುವುದು ಬೇಡ, ಒದ್ದೆ ಬಟ್ಟೆಯಿಂದ ಒರೆಸಿ. ಮಲಗುವ ಮುನ್ನ ಜಲನೇತಿ ಮಾಡುವುದಿದ್ದರೆ ಕುದಿಸಿ ಆರಿಸಿದ ನೀರನ್ನೇ ಬಳಸಿ. ನಲ್ಲಿ ನೀರಿನಲ್ಲಿರಬಹುದಾದ ಅಮೀಬಾ ಮೂಗಿನ ಮೂಲಕ ಮಿದುಳಿಗೇ ಹೋಗಬಲ್ಲದು.

ಇನ್ನು ಬಾಯಿ. ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವುದು ಮೂಗಿನ ಕೆಲಸ. ಬಾಯಿಯಿಂದ ಎಳೆದ ಗಾಳಿ ಗಂಟಲು ಒಣಗಿಸುತ್ತದೆ, ಗೊರಕೆ ತರಿಸುತ್ತದೆ. ಜೊಲ್ಲು ಒಣಗುವುದರಿಂದ ಹಲ್ಲು ಹುಳುಕಾಗುವ ಸಾಧ್ಯತೆಯೂ ಹೆಚ್ಚು. ನೆಗಡಿಯ ನಾಲ್ಕು ದಿನ ಹಾಗೆ ಮಲಗಿದರೆ ಚಿಂತೆಯಿಲ್ಲ, ತಿಂಗಳುಗಟ್ಟಲೆಯಾದರೆ ಮೂಗಿಗೆ ಚಿಕಿತ್ಸೆ ಬೇಕು. ಬಾಯಿಗೆ ಟೇಪ್ ಅಂಟಿಸುವ ಸಲಹೆಯನ್ನಂತೂ ಕಟ್ಟಿದ ಮೂಗಿನವರು ಕೇಳಲೇಬಾರದು, ಉಸಿರಾಡಲು ಅವರಿಗೆ ಉಳಿದಿರುವ ದಾರಿ ಬಾಯಿಯೊಂದೇ. ಗೊರಕೆಯ ನಡುವೆ ಉಸಿರು ನಿಂತು ಏದುಸಿರಿನಿಂದ ಏಳುತ್ತೀರಿ ಎಂದು ಮನೆಯವರು ಹೇಳಿದರೆ, ಅಥವಾ ಸದಾ ಒಂದೇ ಹೊಳ್ಳೆ ಕಟ್ಟಿ ರಕ್ತ ಬರುತ್ತಿದ್ದರೆ, ಸ್ಪ್ರೇ ಕೊಳ್ಳುವ ಮೊದಲು ವೈದ್ಯರಿಗೆ ತೋರಿಸಿ.