ಮೆಗಾಬಕ್ಸ್ ಮೀಟರ್ ಏರೋದು ಯಾರ ದುಡ್ಡಿಂದ, ಅದು ನಮಗೆ ಬೀಳೋ ಚಾನ್ಸ್ ಎಷ್ಟು

ಪ್ರಶ್ನೆ: ಮುಂದಿನ ತಿಂಗಳು ಲಾಸ್ ವೇಗಸ್‌ಗೆ ಹೋಗ್ತಿದೀವಿ. ಅಲ್ಲಿ ಮೆಗಾಬಕ್ಸ್ ಅಂತ ಸ್ಲಾಟ್ ಮಷೀನಲ್ಲಿ ಬಹುಮಾನ ಕೋಟಿಗಟ್ಟಲೆ ಡಾಲರ್ ಇರುತ್ತಂತೆ, ನೋಡ್ತಾ ನೋಡ್ತಾನೇ ಏರ್ತಾ ಹೋಗುತ್ತಂತೆ. ಆ ದುಡ್ಡು ಯಾರು ಹಾಕ್ತಾರೆ? ನಿಜವಾಗ್ಲೂ ಹೊಡೆಯೋ ಚಾನ್ಸ್ ಎಷ್ಟಿದೆ?

ಆ ದುಡ್ಡು ಹಾಕೋದು ಆಡೋರೇ. ಚಾನ್ಸ್ ಒಂದು ಸ್ಪಿನ್‌ಗೆ ಸುಮಾರು 5 ಕೋಟಿಯಲ್ಲಿ ಒಂದು. ಇದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನಾನು ಇರೋದು ಫೀನಿಕ್ಸ್‌ನಲ್ಲಿ, ಊರಿಂದ ಯಾರೇ ಬಂದ್ರೂ ವೇಗಸ್‌ಗೆ ಕರ್ಕೊಂಡು ಹೋಗೋದು ನನ್ನ ಪಾಲಿಗೆ ಬರುತ್ತೆ, ಮತ್ತೆ ಪ್ರತಿ ಸಲ ಯಾರಾದ್ರೂ ಒಬ್ಬರು ಈ ಮಷೀನ್ ಮುಂದೆ ನಿಂತು ಇದೇ ಪ್ರಶ್ನೆ ಕೇಳ್ತಾರೆ.

ಮೊದಲು ದುಡ್ಡಿನ ವಿಷಯ. ಮೆಗಾಬಕ್ಸ್ ಒಂದು ಕ್ಯಾಸಿನೋದ ಮಷೀನ್ ಅಲ್ಲ. ಐಜಿಟಿ ಅನ್ನೋ ಕಂಪನಿ 1986ರಲ್ಲಿ ಶುರು ಮಾಡಿದ್ದು, ನೆವಾಡಾ ರಾಜ್ಯದ ಬೇರೆ ಬೇರೆ ಕ್ಯಾಸಿನೋಗಳಲ್ಲಿರೋ ಮಷೀನುಗಳನ್ನೆಲ್ಲ ಒಂದೇ ಕಂಪ್ಯೂಟರಿಗೆ ಕನೆಕ್ಟ್ ಮಾಡಿದ್ರು. ನೀವು ವೇಗಸ್‌ನಲ್ಲಿ ಬಟನ್ ಒತ್ತಿದ್ರೆ ನಿಮ್ಮ ಬೆಟ್ಟಿನ ಒಂದು ಸಣ್ಣ ಪಾಲು ಎಲ್ಲರಿಗೂ ಸೇರಿದ ಒಂದೇ ಬಹುಮಾನದ ಪಾಟ್‌ಗೆ ಹೋಗುತ್ತೆ, ಅದೇ ಕ್ಷಣದಲ್ಲಿ ಅದೇ ರಾಜ್ಯದ ರೀನೋದಲ್ಲಿ ಕೂತಿರೋ ಅಜ್ಜಿ ಒತ್ತಿದ್ರೂ ಅದೇ ಪಾಟ್‌ಗೆ ಹೋಗುತ್ತೆ, ಅದಕ್ಕೇ ನೀವು ಸುಮ್ಮನೆ ನಿಂತು ನೋಡ್ತಿದ್ರೂ ಮೀಟರ್ ಓಡ್ತಾನೇ ಇರುತ್ತೆ. ಕ್ಯಾಸಿನೋ ತನ್ನ ಜೇಬಿಂದ ಏನೂ ಸೇರಿಸಲ್ಲ.

ಜಾಕ್‌ಪಾಟ್ ಬಿದ್ದ ಮೇಲೆ ಮೀಟರ್ ಸೊನ್ನೆಗೆ ಹೋಗಲ್ಲ, 1 ಕೋಟಿ ಡಾಲರಿಂದ ಮತ್ತೆ ಶುರು ಆಗುತ್ತೆ. ಜನ ಇದನ್ನ ನೋಡಿ ಕಂಪನಿಯವರು 1 ಕೋಟಿ ಫ್ರೀಯಾಗಿ ಇಟ್ಟಿದಾರೆ ಅನ್ಕೋತಾರೆ. ಹಾಗಲ್ಲ, ಆ 1 ಕೋಟಿಯನ್ನೂ ಆಡೋರ ಬೆಟ್ಟಿಂದಾನೇ ವಸೂಲು ಮಾಡಬೇಕು. ಲೆಕ್ಕ ಹಾಕಿ ನೋಡಿ: ಚಾನ್ಸ್ 4,98,36,032ರಲ್ಲಿ ಒಂದು, ಒಂದು ಸ್ಪಿನ್‌ಗೆ 3 ಡಾಲರ್, ಅಂದ್ರೆ ಸರಾಸರಿ ಒಂದು ಜಾಕ್‌ಪಾಟ್ ಬೀಳೋಷ್ಟರಲ್ಲಿ ಜನ ಸುಮಾರು 15 ಕೋಟಿ ಡಾಲರ್ ಬೆಟ್ ಕಟ್ಟಿರ್ತಾರೆ. 15 ಕೋಟಿಯಲ್ಲಿ 1 ಕೋಟಿ ಅಂದ್ರೆ ಡಾಲರಿಗೆ ಹತ್ತಿರ ಹತ್ತಿರ 7 ಸೆಂಟ್, ಇದು ಬರೀ ಶುರುವಿನ ಮೊತ್ತಕ್ಕೆ. ಮೀಟರ್ 2 ಕೋಟಿವರೆಗೆ ಏರಿದ ಮೇಲೆ ಜಾಕ್‌ಪಾಟ್ ಬೀಳಬೇಕು ಅಂದ್ರೆ ಇನ್ನೊಂದು 7 ಸೆಂಟ್ ಬೇಕು.

ಆದ್ರೆ ಇಲ್ಲಿ ಒಂದು ವಿಷಯ ಇದೆ, ಬೋರ್ಡ್ ಮೇಲೆ ಕಾಣೋ ಮೊತ್ತ ಒಂದೇ ಸಲ ಕೈಗೆ ಬರಲ್ಲ, 25 ವರ್ಷ ವರ್ಷಕ್ಕೊಂದು ಕಂತು ಕೊಡ್ತಾರೆ. ಒಟ್ಟಿಗೇ ಬೇಕು ಅಂದ್ರೆ ಸುಮಾರು 60% ಸಿಗುತ್ತೆ. ಅಂದ್ರೆ ಬೋರ್ಡಲ್ಲಿ 1 ಕೋಟಿ ಅಂತ ತೋರಿಸೋಕೆ ಇವತ್ತು ಕೈಯಲ್ಲಿ 60 ಲಕ್ಷ ಇದ್ರೆ ಸಾಕು, ಉಳಿದಿದ್ದನ್ನ ಬಡ್ಡಿ ದುಡಿಯುತ್ತೆ. ಇಷ್ಟು ವರ್ಷದಲ್ಲಿ ಬಿದ್ದ ಅತಿ ದೊಡ್ಡದು 2003ರ ಮಾರ್ಚ್‌ನಲ್ಲಿ ಎಕ್ಸ್‌ಕ್ಯಾಲಿಬರ್ ಅನ್ನೋ ಕ್ಯಾಸಿನೋದಲ್ಲಿ, 3.97 ಕೋಟಿ ಡಾಲರ್. ಅದನ್ನ 25ರಿಂದ ಭಾಗಿಸಿದ್ರೆ ವರ್ಷಕ್ಕೆ ಸುಮಾರು 16 ಲಕ್ಷ, ಅದೂ ಟ್ಯಾಕ್ಸ್‌ಗೆ ಮುಂಚೆ. ದೊಡ್ಡ ದುಡ್ಡೇ, ಇಲ್ಲ ಅನ್ನಲ್ಲ, ಆದ್ರೆ ಬೋರ್ಡ್ ನೋಡಿ ಮನಸ್ಸಿಗೆ ಬರೋ ಚಿತ್ರ ಅದಲ್ಲ.

ಏರ್ತಾನೇ ಇರೋದು ಯಾಕೆ ಅಂದ್ರೆ ಚಾನ್ಸ್ ಅಷ್ಟು ಕಮ್ಮಿ ಇಟ್ಟಿರೋದಕ್ಕೇ. ಸುಲಭವಾಗಿ ಬೀಳೋ ಹಾಗಿದ್ರೆ ಮೀಟರಿಗೆ ಏರೋಕೆ ಟೈಮೇ ಸಿಗ್ತಿರಲಿಲ್ಲ.

ಈಗ ಚಾನ್ಸ್ ವಿಷಯಕ್ಕೆ ಬರ್ತೀನಿ, ನನಗೆ ಜಾಸ್ತಿ ಹೇಳಬೇಕು ಅನ್ಸೋದು ಇದೇ. ಒಂದು ಸಲ ನನ್ನ ಸೋದರಮಾವ ಬಂದಿದ್ರು, 60 ಡಾಲರ್ ಹಾಕಿ ಕೂತ್ರು, 20 ಸ್ಪಿನ್, ಕೆಲವೇ ನಿಮಿಷದಲ್ಲಿ ಮುಗೀತು. ಮೂರೂ ಚಕ್ರದಲ್ಲಿ ಮೆಗಾಬಕ್ಸ್ ಚಿತ್ರ ಒಂದೇ ಗೆರೆಗೆ ಸರಿಯಾಗಿ ನಿಂತ್ರೆ ಜಾಕ್‌ಪಾಟ್. ಆಟದ ಮಧ್ಯದಲ್ಲಿ ಒಂದು ಸಲ ಎರಡು ಚಕ್ರದಲ್ಲಿ ಮೆಗಾಬಕ್ಸ್ ಚಿತ್ರ ಗೆರೆಯ ಸ್ವಲ್ಪ ಮೇಲೆ ನಿಲ್ತು, ಮಾವ ನನ್ನ ತೋಳು ಹಿಡ್ಕೊಂಡು "ನೋಡೋ, ಕೂದಲೆಳೆ ಅಂತರದಲ್ಲಿ ಹೋಯ್ತಲ್ಲೋ, ಇನ್ನೊಂದು ಇಪ್ಪತ್ತು ಹಾಕಿದ್ರೆ ಬಂದೇ ಬರುತ್ತೆ" ಅಂದ್ರು. ಅವರು ಊರಲ್ಲಿ ಅಡಿಕೆ ವ್ಯಾಪಾರ ಮಾಡೋರು, ಲೆಕ್ಕದಲ್ಲಿ ಪಕ್ಕಾ, ಅಂಥವರಿಗೂ ಹಾಗನ್ನಿಸ್ತು ಅಂದ್ರೆ ಅದಕ್ಕೆ ಕಾರಣ ಇದೆ.

ಕಣ್ಣಿಗೆ ಕಾಣೋದು ಮೂರು ಚಕ್ರ. ಇಂಥ ಚಕ್ರದಲ್ಲಿ ಸಾಮಾನ್ಯವಾಗಿ 22 ಜಾಗ ಇರುತ್ತೆ, ಚಿತ್ರ ಮತ್ತೆ ಖಾಲಿ ಎಲ್ಲ ಸೇರಿ. ನಿಜವಾಗ್ಲೂ ಆ ಚಕ್ರ ತಾನಾಗಿ ತಿರುಗಿ ನಿಲ್ಲೋದಾದ್ರೆ ಚಾನ್ಸ್ 22 × 22 × 22, ಅಂದ್ರೆ 10,648ರಲ್ಲಿ ಒಂದು. ನಮ್ಮ ಕಣ್ಣು ಈ ಲೆಕ್ಕವನ್ನೇ ನಂಬುತ್ತೆ. ಆದ್ರೆ ಚಕ್ರ ಏನನ್ನೂ ನಿರ್ಧಾರ ಮಾಡಲ್ಲ. ಇಂಗೆ ಟೆಲ್ನೇಸ್ ಅನ್ನೋರು 1984ರಲ್ಲಿ ಒಂದು ಪೇಟೆಂಟ್ ತಗೊಂಡ್ರು, ಅದರಲ್ಲಿರೋ ಐಡಿಯಾ ಇಷ್ಟೇ: ಒಳಗಿನ ಕಂಪ್ಯೂಟರ್ ಒಂದು ದೊಡ್ಡ ಪಟ್ಟಿಯಿಂದ ನಂಬರ್ ಆರಿಸುತ್ತೆ, ಆ ನಂಬರಿಗೆ ಯಾವ ಚಿತ್ರ ಅಂತ ಬರೆದಿದೆಯೋ ಅಲ್ಲಿಗೆ ಚಕ್ರವನ್ನ ತಂದು ನಿಲ್ಲಿಸ್ತಾರೆ. ಮೇಲೆ ಹೇಳಿದ 4,98,36,032 ಇದೆಯಲ್ಲ, ಅದು ಸರಿಯಾಗಿ 368 × 368 × 368. ಅಂದ್ರೆ ಒಂದೊಂದು ಚಕ್ರಕ್ಕೂ ಒಳಗೆ 368 ನಂಬರ್, ಅದರಲ್ಲಿ ಮೆಗಾಬಕ್ಸ್ ಚಿತ್ರಕ್ಕೆ ಸಿಕ್ಕಿರೋದು ಒಂದೇ ಒಂದು ಅಂತ ಅರ್ಥ. ಆ ಚಿತ್ರದ ಪಕ್ಕದ ಖಾಲಿ ಜಾಗಕ್ಕೆ ಜಾಸ್ತಿ ನಂಬರ್ ಕೊಟ್ರೆ, ಚಿತ್ರ ಗೆರೆ ಮೇಲೆ ಬರೋದು ಅಪರೂಪ, ಗೆರೆಯ ಪಕ್ಕಕ್ಕೆ ಬರೋದು ಪದೇ ಪದೇ. ಮಾವನಿಗೆ ಕೂದಲೆಳೆ ಅಂತರ ಅನ್ನಿಸಿದ್ದು ಇದು. ನಂಬರಿನ ಲೆಕ್ಕದಲ್ಲಿ ಅದು ಹತ್ತಿರವೂ ಅಲ್ಲ ದೂರವೂ ಅಲ್ಲ, ಖಾಲಿ ಅಷ್ಟೇ.

5 ಕೋಟಿ ಅಂದ್ರೆ ಎಷ್ಟು ಅಂತ ಟೈಮಲ್ಲಿ ಹೇಳ್ತೀನಿ. ಗಂಟೆಗೆ 600 ಸ್ಪಿನ್ ಅನ್ಕೊಳ್ಳಿ, ಊಟ ನಿದ್ದೆ ಬಿಟ್ಟು ಹಗಲೂ ರಾತ್ರಿ ಆಡಿದ್ರೆ ಅಷ್ಟು ಸ್ಪಿನ್ ಮುಗಿಯೋಕೆ ಒಂಬತ್ತೂವರೆ ವರ್ಷ ಬೇಕು. ಅಷ್ಟು ಆಡಿದ ಮೇಲೂ ಗ್ಯಾರಂಟಿ ಇಲ್ಲ, ಆಗಲೂ ಬೀಳದೇ ಇರೋ ಸಾಧ್ಯತೆ 37%. ಪ್ರತಿ ಸ್ಪಿನ್‌ಗೂ ಹೊಸದಾಗಿ ನಂಬರ್ ಆರಿಸೋದ್ರಿಂದ ಹಿಂದೆ ಎಷ್ಟು ಸಲ ಆಡಿದ್ರೂ ಮಷೀನಿಗೆ ಅದರ ನೆನಪಿಲ್ಲ. "ತುಂಬ ದಿನದಿಂದ ಬಿದ್ದಿಲ್ಲ, ಈಗ ಬೀಳುತ್ತೆ" ಅನ್ನೋದಕ್ಕೆ ಅರ್ಥ ಇಲ್ಲ.

ಮೀಟರ್ ದೊಡ್ಡದಾದ್ರೆ ಆಟ ಲಾಭ ಆಗುತ್ತಾ ಅಂತ ಕೆಲವರು ಕೇಳ್ತಾರೆ. 1 ಕೋಟಿ ಇದ್ದಾಗ ನಿಮ್ಮ 3 ಡಾಲರ್ ಸ್ಪಿನ್‌ನಲ್ಲಿ ಜಾಕ್‌ಪಾಟಿನ ಬೆಲೆ ಸರಾಸರಿ 20 ಸೆಂಟ್. 2003ರ ಆ 3.97 ಕೋಟಿಯಲ್ಲಿ 80 ಸೆಂಟ್, ಕಂತಿನ ಲೆಕ್ಕ ಹಿಡಿದ್ರೆ 50 ಸೆಂಟ್ ಅಷ್ಟೇ. ಉಳಿದ ಎರಡೂವರೆ ಡಾಲರ್ ಸಣ್ಣ ಬಹುಮಾನಗಳಿಂದ ವಾಪಸ್ ಬಂದ್ರೆ ಮಾತ್ರ ಅಸಲು, ಅದು ಬರಲ್ಲ, ಯಾಕಂದ್ರೆ ಆಡೋರ ದುಡ್ಡಲ್ಲಿ ದೊಡ್ಡ ಭಾಗ ಆ ಪಾಟ್‌ಗೇ ಹೋಗಿರುತ್ತೆ, ಮೇಲಿಂದ ಐಜಿಟಿಗೂ ಕ್ಯಾಸಿನೋಗೂ ಪಾಲು. ಅದೇ ಕ್ಯಾಸಿನೋದಲ್ಲಿ ಪಕ್ಕದ ಮಾಮೂಲಿ ಒಂದು ಡಾಲರ್ ಮಷೀನ್ ಇದಕ್ಕಿಂತ ನಿಧಾನವಾಗಿ ದುಡ್ಡು ತಿನ್ನುತ್ತೆ.

ಆಡಿ ನೋಡ್ಲೇಬೇಕು ಅಂತಿದ್ರೆ ಒಂದು ಮಾತು. ಜಾಕ್‌ಪಾಟ್ ಸಿಗೋದು ಪೂರ್ತಿ 3 ಡಾಲರ್ ಬೆಟ್ ಕಟ್ಟಿದ್ರೆ ಮಾತ್ರ. ಒಂದೋ ಎರಡೋ ಡಾಲರ್ ಕಟ್ಟಿ ಮೂರೂ ಚಿತ್ರ ಗೆರೆ ಮೇಲೆ ಬಂದ್ರೂ ಆ ದೊಡ್ಡ ಮೊತ್ತ ನಿಮ್ಮದಲ್ಲ. ಮಷೀನಿನ ಗಾಜಿನ ಮೇಲೆ ಯಾವ ಬೆಟ್‌ಗೆ ಎಷ್ಟು ಅಂತ ಪಟ್ಟಿ ಇರುತ್ತೆ, ದುಡ್ಡು ಹಾಕೋಕೆ ಮುಂಚೆ ಅದನ್ನ ಓದಿ.