ಕಂತುಗಳ ಪಟ್ಟಿಗೆ ಯಾವ ಪ್ಲಗಿನ್ ಒಳ್ಳೆಯದು?

ಪ್ರಶ್ನೆ: ನಮ್ಮ ಅಜ್ಜಿ ಹೇಳಿದ ಸುಮಾರು 40 ಕಥೆಗಳನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದೇನೆ. ವರ್ಡ್‌ಪ್ರೆಸ್ ಜಾಲತಾಣವಿದೆ, ಒಂದು ವರ್ಷದ ಹೋಸ್ಟಿಂಗ್‌ಗೆ ಹಣ ಕಟ್ಟಿದ್ದೇನೆ. ಆಡಿಯೋ ಫೈಲುಗಳನ್ನು ಅಲ್ಲೇ ಹಾಕಿ ಪಾಡ್‌ಕಾಸ್ಟ್ ಮಾಡಬೇಕು. ಕಂತುಗಳ ಪಟ್ಟಿ ಚೆನ್ನಾಗಿ ಕಾಣಲು ಯಾವ ಪ್ಲಗಿನ್ ಒಳ್ಳೆಯದು? ಮುಂದಿನ ವರ್ಷ ಸ್ವಂತ ಡೊಮೇನ್‌ಗೆ ಹೋಗುವ ಯೋಚನೆಯೂ ಇದೆ.

ಉತ್ತರ:

ನಿಮ್ಮ ಕೊನೆಯ ವಾಕ್ಯ ಓದಿ ನನಗೆ ಹಳೆಯ ಒಂದು ಶನಿವಾರ ನೆನಪಾಯಿತು. ಪ್ಲಗಿನ್ ವಿಷಯ ಆಮೇಲೆ.

ನಾನು ರೆಕಾರ್ಡ್ ಮಾಡಿದ್ದು ನನ್ನ ದೊಡ್ಡಮ್ಮನ ಕಥೆಗಳನ್ನು. ಸಾಗರದ ಮನೆಯಲ್ಲಿ, ಮಳೆಗಾಲದಲ್ಲಿ, ಕಿಟಕಿಗೆ ಕಂಬಳಿ ಕಟ್ಟಿ. ಒಟ್ಟು 62 ಕಥೆಗಳು, ಒಂದೊಂದು ಸುಮಾರು 20 ನಿಮಿಷ. ಗೆಳೆಯನ ಜಾಲತಾಣದ ಒಂದು ಮೂಲೆಯಲ್ಲಿ ವರ್ಡ್‌ಪ್ರೆಸ್ ಹಾಕಿಕೊಂಡು, ಆಡಿಯೋವನ್ನೂ ಅಲ್ಲೇ ಏರಿಸಿ, ವಾರಕ್ಕೊಂದರಂತೆ ಪ್ರಕಟಿಸಿದೆ. ಹೇಗೋ 400 ಮಂದಿ ಚಂದಾದಾರರಾದರು. ಹೆಚ್ಚಿನವರು ಮುಂಬೈ, ದುಬೈ ಕಡೆ ಇರುವ ನಮ್ಮವರೇ.

ಆಮೇಲೆ ನಿಮಗೆ ಬಂದ ಆಸೆಯೇ ನನಗೂ ಬಂತು. ಸ್ವಂತ ಡೊಮೇನ್ ಕೊಂಡೆ, ಹೊಸ ಹೋಸ್ಟಿಂಗ್ ತೆಗೆದುಕೊಂಡೆ. ಶುಕ್ರವಾರ ರಾತ್ರಿ ಊಟ ಮುಗಿಸಿ ಹಳೆಯ ತಾಣದ ಡೇಟಾಬೇಸನ್ನು ಒಂದೇ ಫೈಲಾಗಿ ಇಳಿಸಿಕೊಂಡು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದೆ. ಹಳೆಯ ವಿಳಾಸ ಇರುವಲ್ಲೆಲ್ಲ ಹೊಸ ವಿಳಾಸ ಬರಲಿ ಎಂದು ಆಜ್ಞೆ ಕೊಟ್ಟೆ. ಸಾವಿರಕ್ಕೂ ಹೆಚ್ಚು ಕಡೆ ಬದಲಾಯಿತು ಎಂದು ಎಡಿಟರ್ ತೋರಿಸಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಹೊಸ ಸರ್ವರ್‌ಗೆ ಏರಿಸಿದೆ. ಪಕ್ಕದ ಅಂಕಣದ ಒಂದೆರಡು ವಿಜೆಟ್‌ಗಳು ಮಾಯವಾಗಿದ್ದವು, ಅವನ್ನು ಮತ್ತೆ ಕೂರಿಸಿದೆ. ಹಳೆಯ ಫೀಡ್ ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಿದೆ. ಕಂತುಗಳ ಪಟ್ಟಿ ಚಿತ್ರಗಳ ಸಮೇತ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಮಲಗಿದೆ.

ಬೆಳಿಗ್ಗೆ ಮುಂಬೈಯಿಂದ ಒಬ್ಬರ ಸಂದೇಶ ಬಂದಿತ್ತು: "ಒಂದೇ ರಾತ್ರಿಯಲ್ಲಿ 62 ಹೊಸ ಕಥೆ ಹಾಕಿದ್ದೀರಲ್ಲ, ಫೋನ್ ತುಂಬಿಹೋಯಿತು!" ಮಧ್ಯಾಹ್ನದ ಹೊತ್ತಿಗೆ ಹೋಸ್ಟಿಂಗ್‌ನವರಿಂದ ಪತ್ರ. ತಿಂಗಳ ದತ್ತಾಂಶ ಮಿತಿ ಮುಗಿದಿದೆ, ಖಾತೆಯನ್ನು ತಡೆಹಿಡಿಯಲಾಗಿದೆ.

ಏನಾಯಿತು ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಪಾಡ್‌ಕಾಸ್ಟ್ ಎಂದರೆ ನಿಮ್ಮ ಪುಟದಲ್ಲಿ ಕಾಣುವ ಪಟ್ಟಿಯಲ್ಲ. ಅದು ಫೀಡ್ ಎಂಬ ಒಂದು ಸಾದಾ ಪಠ್ಯ ಫೈಲು. ಕೇಳುಗರ ಆ್ಯಪ್‌ಗಳು ಆಗಾಗ ಬಂದು ಆ ಫೈಲನ್ನು ಓದಿಕೊಂಡು ಹೋಗುತ್ತವೆ. ಅದರಲ್ಲಿ ಒಂದೊಂದು ಕಂತೂ ಹೀಗಿರುತ್ತದೆ:

```
<item>
  <title>ಗಿಳಿಯ ಕಥೆ</title>
  <guid isPermaLink="false">http://hale.example/?p=137</guid>
  <enclosure url="https://hosa.example/audio/kathe-037.mp3"
    length="9612345" type="audio/mpeg"/>
</item>
```

`enclosure` ಆಡಿಯೋ ಎಲ್ಲಿದೆ, ಎಷ್ಟು ಬೈಟ್ ಇದೆ ಎಂದು ಹೇಳುತ್ತದೆ. `guid` ಆ ಕಂತಿನ ಗುರುತು. ಈ ಕಂತನ್ನು ಈಗಾಗಲೇ ನೋಡಿದ್ದೇನೆಯೇ ಎಂದು ಆ್ಯಪ್ ತೀರ್ಮಾನಿಸುವುದು ಈ ಗುರುತಿನಿಂದ. ಶೀರ್ಷಿಕೆ ಬದಲಾಗಲಿ, ಆಡಿಯೋ ಬೇರೆ ಸರ್ವರ್‌ಗೆ ಹೋಗಲಿ, ಗುರುತು ಅದೇ ಇದ್ದರೆ ಅದು ಹಳೆಯ ಕಂತು. ಗುರುತಿನ ಒಂದಕ್ಷರ ಬದಲಾದರೂ ಹೊಸ ಕಂತು.

ನನ್ನನ್ನು ಯಾಮಾರಿಸಿದ್ದು ಅದರ ರೂಪ. ವರ್ಡ್‌ಪ್ರೆಸ್ ಪ್ರತಿ ಬರಹವನ್ನು ಸೃಷ್ಟಿಸುವಾಗ ಅಂದಿನ ತಾಣದ ವಿಳಾಸವನ್ನೇ ಸೇರಿಸಿ ಒಂದು ಗುರುತು ಬರೆದಿಡುತ್ತದೆ. ನೋಡಿದರೆ ಜಾಲವಿಳಾಸದಂತೆಯೇ ಕಾಣುತ್ತದೆ. ಆದರೆ ಅದನ್ನು ಯಾರೂ ತೆರೆಯಬೇಕಾಗಿಲ್ಲ, ಅದು ತೆರೆಯದಿದ್ದರೂ ನಷ್ಟವಿಲ್ಲ. ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ಊರಿನ ಹೆಸರಿರುತ್ತದಲ್ಲ, ಹಾಗೆ. ಮನೆ ಬದಲಾಯಿಸಿದಿರಿ ಎಂದು ಅದನ್ನು ಯಾರೂ ತಿದ್ದಿಸುವುದಿಲ್ಲ. ಸ್ಥಳಾಂತರದಲ್ಲಿ `guid` ಕಾಲಮ್ಮನ್ನು ಮುಟ್ಟಲೇಬೇಡಿ ಎಂದು ವರ್ಡ್‌ಪ್ರೆಸ್ ಕೈಪಿಡಿಯೇ ಹೇಳುತ್ತದೆ. ನಾನು ಓದಿದ್ದು ಆಮೇಲೆ. ಆ ರಾತ್ರಿ ನನ್ನ ಹುಡುಕು-ಬದಲಿಸು 62 ಮಕ್ಕಳ ಜನನ ಪ್ರಮಾಣಪತ್ರವನ್ನೂ ಹೊಸದಾಗಿ ಬರೆದಿತ್ತು. ರೀಡೈರೆಕ್ಟ್ ಮಾತ್ರ ಸರಿಯಾಗಿ ಕೆಲಸ ಮಾಡಿತು, ಅದೇ ನನ್ನ ಗ್ರಹಚಾರ. ಎಲ್ಲರ ಆ್ಯಪ್‌ಗಳೂ ಹೊಸ ಫೀಡಿಗೆ ಬಂದು, 62 ಅಪರಿಚಿತ ಕಂತುಗಳನ್ನು ಕಂಡು, ತಾವಾಗಿ ಇಳಿಸಿಕೊಳ್ಳುವ ವ್ಯವಸ್ಥೆ ಇದ್ದಲ್ಲೆಲ್ಲ ಇಳಿಸಿಕೊಳ್ಳತೊಡಗಿದವು.

ಈಗ ಲೆಕ್ಕ ನೋಡಿ. "ಗುಣಮಟ್ಟ ಇರಲಿ" ಎಂದು ಯಾರೋ ಹೇಳಿದ್ದಕ್ಕೆ ನಾನು 128 ಕೆಬಿಪಿಎಸ್ ಸ್ಟೀರಿಯೋ ಇಟ್ಟಿದ್ದೆ. ಸೆಕೆಂಡಿಗೆ 16,000 ಬೈಟ್, 20 ನಿಮಿಷಕ್ಕೆ 19 ಎಂಬಿಗೆ ತುಸು ಹೆಚ್ಚು. 62 ಕಂತು ಸೇರಿದರೆ ಒಬ್ಬ ಕೇಳುಗನಿಗೆ ಸುಮಾರು 1.2 ಜಿಬಿ. ನನ್ನ ತಿಂಗಳ ಮಿತಿ 100 ಜಿಬಿ. ಕೆಲವು ಆ್ಯಪ್‌ಗಳು ಇತ್ತೀಚಿನ ಎರಡು ಮೂರು ಕಂತುಗಳನ್ನಷ್ಟೇ ಇಳಿಸಿಕೊಳ್ಳುತ್ತವೆ, ನಿಜ. ಆದರೆ 400ರಲ್ಲಿ 85 ಫೋನುಗಳು ಇಡೀ ಸರಣಿಯನ್ನು ಎಳೆದುಕೊಂಡರೆ ಮಿತಿ ಮುಗಿಯಿತು. ಫೀಡೂ ಆಡಿಯೋವೂ ಒಂದೇ ಖಾತೆಯಲ್ಲಿದ್ದ ಕಾರಣ ಖಾತೆ ನಿಂತಾಗ ಫೀಡೂ ನಿಂತಿತು, ಕ್ಷಮೆ ಕೇಳಿ ಒಂದು ಕಂತು ಹಾಕೋಣವೆಂದರೆ ಅದಕ್ಕೂ ದಾರಿಯಿಲ್ಲ.

ಇದಕ್ಕಿಂತ ದೊಡ್ಡ ದಡ್ಡತನ ಸೋಮವಾರ ನಡೆಯಿತು. ಹಣ ಕಟ್ಟಿ ಖಾತೆ ತೆರೆಸಿ, ಹಳೆಯ ಗುರುತುಗಳನ್ನೆಲ್ಲ ವಾಪಸು ಹಾಕಿದೆ. ಅಷ್ಟರಲ್ಲಿ ಕೆಲವು ಆ್ಯಪ್‌ಗಳು ಹಳೆಯ ಗುರುತುಗಳನ್ನು ಪಟ್ಟಿಯಿಂದ ತೆಗೆದುಹಾಕಿದ್ದವು. ಅವುಗಳ ಪಾಲಿಗೆ ವಾಪಸು ಬಂದ ಹಳೆಯವೂ ಹೊಸವೇ. ಎರಡನೆಯ ಪ್ರವಾಹ. ಸುಮಾರು ನೂರು ಮಂದಿ ಚಂದಾ ಬಿಟ್ಟರು, ಅವರನ್ನು ನಾನು ಬೈಯಲಾರೆ. ಇಂಥದ್ದು ಒಂದೆರಡು ಗಂಟೆಯೊಳಗೆ ಗೊತ್ತಾದರೆ ಹಿಂದಕ್ಕೆ ತಿರುಗಿಸಿ. ಎರಡು ದಿನ ಕಳೆದ ಮೇಲೆ ಗೊತ್ತಾದರೆ ಕೈ ಕಟ್ಟಿ ಕುಳಿತುಕೊಳ್ಳಿ.

ಹಾಗಾಗಿ ನಿಮ್ಮ "ಮುಂದಿನ ವರ್ಷ ಡೊಮೇನ್" ನನಗೆ ಒಪ್ಪಿಗೆಯಿಲ್ಲ. ಮೊದಲ ಕಥೆ ಹಾಕುವ ಮುನ್ನ ಡೊಮೇನ್ ಕೊಳ್ಳಿ, ಈ ವಾರವೇ. ಅದರಡಿಯಲ್ಲೇ ಫೀಡ್ ಹುಟ್ಟಲಿ. ಕೇಳುಗರ ಫೋನಿನಲ್ಲಿ ಕೂರುವುದು ಆ ವಿಳಾಸ, ಅದು ನಿಮ್ಮದಾಗಿದ್ದರೆ ಹಿಂದಿರುವ ಸರ್ವರ್ ಎಷ್ಟು ಸಲ ಬೇಕಾದರೂ ಬದಲಾಗಲಿ. ಮುಂದೆಂದಾದರೂ ವಿಳಾಸ ಬದಲಿಸಲೇಬೇಕಾಗಿ ಬಂದರೆ ಟೆಕ್ಸ್ಟ್ ಎಡಿಟರ್ ಬೇಡ, ವರ್ಡ್‌ಪ್ರೆಸ್‌ನ ಆಜ್ಞಾ ಸಾಧನವಾದ WP-CLI ಬಳಸಿ:

```
wp search-replace 'http://hale.example' 'https://hosa.example' \
  --skip-columns=guid --dry-run
```

ಕೊನೆಯ `--dry-run` ಇರುವವರೆಗೆ ಅದು ಲೆಕ್ಕ ತೋರಿಸುತ್ತದೆಯೇ ಹೊರತು ಏನನ್ನೂ ಬದಲಿಸುವುದಿಲ್ಲ. ನೋಡಿ ಸಮಾಧಾನವಾದ ಮೇಲೆ ಅದನ್ನು ತೆಗೆದು ಮತ್ತೆ ಓಡಿಸಿ. ನನ್ನ ವಿಜೆಟ್‌ಗಳು ಮಾಯವಾದ ತೊಂದರೆಯೂ ಇದರಲ್ಲಿಲ್ಲ. ವರ್ಡ್‌ಪ್ರೆಸ್ ಕೆಲವು ಸೆಟ್ಟಿಂಗ್‌ಗಳನ್ನು ಅಕ್ಷರಗಳ ಎಣಿಕೆಯ ಸಮೇತ ಬರೆದಿಡುತ್ತದೆ, ವಿಳಾಸದ ಉದ್ದ ಬದಲಾದರೆ ಆ ಎಣಿಕೆ ತಪ್ಪುತ್ತದೆ. ಈ ಸಾಧನ ಎಣಿಕೆಯನ್ನೂ ತಿದ್ದುತ್ತದೆ. ಸ್ಥಳಾಂತರಕ್ಕೆ ಮೊದಲು ಒಮ್ಮೆ, ಆದ ಮೇಲೆ ರೀಡೈರೆಕ್ಟ್ ಹಾಕುವ ಮುನ್ನ ಒಮ್ಮೆ, ಗುರುತುಗಳನ್ನು ಮಾತ್ರ ತೆಗೆದು ಹೋಲಿಸಿ. ಮೊದಲ ಸಲ ಇದೇ `curl` ಆಜ್ಞೆಗೆ ಹಳೆಯ ವಿಳಾಸ ಕೊಟ್ಟು `modalu.txt` ಫೈಲಿಗೆ ಬರೆಸಿ, ಎರಡನೆಯ ಸಲ ಹೀಗೆ:

```
curl -s https://hosa.example/feed/ \
  | grep -o '<guid[^>]*>[^<]*' > nantara.txt
diff modalu.txt nantara.txt
```

`diff` ಏನೂ ಹೇಳದೆ ಸುಮ್ಮನಿದ್ದರೆ ನೀವು ಬದುಕಿದಿರಿ. ನಾನು ಖರ್ಚು ಮಾಡದೆ ಉಳಿಸಿದ ಎರಡು ನಿಮಿಷ ಇದು.

ಆಡಿಯೋವನ್ನು ಅದೇ ಹೋಸ್ಟಿಂಗ್‌ನಲ್ಲಿ ಇಡಬೇಡಿ. ಪುಟಗಳನ್ನು ಉಣಬಡಿಸಲು ಇರುವ ಅಗ್ಗದ ಹೋಸ್ಟಿಂಗ್ ದೊಡ್ಡ ಫೈಲುಗಳನ್ನು ದಿನವಿಡೀ ಹಂಚಲು ಇರುವುದಲ್ಲ. ಫೀಡ್ ನಿಮ್ಮ ವರ್ಡ್‌ಪ್ರೆಸ್‌ನಿಂದ ಹೊರಡಲಿ, ಫೈಲುಗಳು ಬೇರೆಡೆ ಇರಲಿ. ನನ್ನವು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಶುಲ್ಕವಿಲ್ಲ, ಕೆಲವೊಮ್ಮೆ ನಿಧಾನ, ಕಥೆಗೆ ತೊಂದರೆಯಿಲ್ಲ. ಹಣ ಕೊಟ್ಟು ಪಾಡ್‌ಕಾಸ್ಟ್ ಹೋಸ್ಟಿಂಗ್ ತೆಗೆದುಕೊಂಡರೂ ತಪ್ಪಲ್ಲ, ಆದರೆ ಬಿಟ್ಟುಹೋಗುವಾಗ ಫೀಡಿಗೆ 301 ಹಾಕಿಕೊಡುತ್ತಾರೆಯೇ ಎಂದು ಸೇರುವ ಮುನ್ನವೇ ಕೇಳಿ. ಒಬ್ಬರ ದನಿಗೆ 64 ಕೆಬಿಪಿಎಸ್ ಮೋನೋ ಸಾಕು, ಗಾತ್ರ ಅರ್ಧಕ್ಕೆ ಇಳಿಯುತ್ತದೆ. ದೊಡ್ಡಮ್ಮನಿಗೆ ಎರಡನ್ನೂ ಕೇಳಿಸಿದೆ. "ಎರಡರಲ್ಲೂ ನನ್ನ ಕೆಮ್ಮೇ ಕೇಳಿಸುತ್ತದೆ" ಎಂದಳು.

ಇನ್ನು ಪಟ್ಟಿ. ಅದಕ್ಕೆ ಪ್ಲೇಯರ್ ಪ್ಲಗಿನ್ ಬೇಕೇ ಬೇಕು ಎಂಬುದನ್ನೇ ನಾನು ಒಪ್ಪುವುದಿಲ್ಲ. ಫೀಡಿಗೆ ಒಂದು ಪ್ಲಗಿನ್ ಬೇಕು, ಪವರ್‌ಪ್ರೆಸ್ ಆಗಲಿ, ಸೀರಿಯಸ್ಲಿ ಸಿಂಪಲ್ ಪಾಡ್‌ಕಾಸ್ಟಿಂಗ್ ಆಗಲಿ, ಎರಡೂ ನಡೆಯುತ್ತವೆ. ಒಂದು ಕಥೆಗೆ ಒಂದು ಪುಟ ಮಾಡಿ, ಅದರಲ್ಲಿ ಕಥೆ ಯಾವುದು, ಎಲ್ಲಿಯದು ಎಂದು ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಹುಡುಕುವವರಿಗೆ ಸಿಗುವುದು ಆ ನಾಲ್ಕು ಸಾಲು, ಆಡಿಯೋ ಅಲ್ಲ. ಆ ಪುಟಗಳ ವಿಭಾಗವೇ ನಿಮ್ಮ ಪಟ್ಟಿ. ಒಂದೇ ಪುಟದಲ್ಲಿ 40 ಪ್ಲೇಯರ್ ಜೋಡಿಸಲೇಬೇಕೆಂದರೆ ಪ್ರತಿಯೊಂದಕ್ಕೂ `preload="none"` ಕೊಡಿ. ಇಲ್ಲದಿದ್ದರೆ ಪುಟ ತೆರೆದಾಗಲೇ ಬ್ರೌಸರ್ ಎಷ್ಟೋ ಫೈಲುಗಳ ಬಾಗಿಲು ತಟ್ಟುತ್ತದೆ, ಕೇಳುವುದು ಒಂದೇ ಕಥೆ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಪುಟವನ್ನೂ ಒಮ್ಮೆ ನೋಡಿ. ಫೀಡಿನಲ್ಲಿ ತೋರುವ ಬರಹಗಳ ಸಂಖ್ಯೆ ಅಲ್ಲಿ 10 ಎಂದಿರುತ್ತದೆ. ಪಾಡ್‌ಕಾಸ್ಟ್ ಪ್ಲಗಿನ್‌ನಲ್ಲಿ ಬೇರೆ ಸಂಖ್ಯೆ ಇದ್ದರೆ ಅದನ್ನೂ ನೋಡಿ. ಹೆಚ್ಚಿಸದಿದ್ದರೆ ಹನ್ನೊಂದನೆಯ ಕಥೆ ಹಾಕಿದ ದಿನ ಮೊದಲನೆಯದು ಫೀಡಿನಿಂದ ಜಾರಿಹೋಗುತ್ತದೆ, ಜಾಲತಾಣದ ಪಟ್ಟಿಯಲ್ಲಿ ಮಾತ್ರ ಎಲ್ಲವೂ ಇರುವುದರಿಂದ ನಿಮಗೆ ಗೊತ್ತೇ ಆಗುವುದಿಲ್ಲ. ಫೈಲಿನ ಹೆಸರು ಕನ್ನಡದಲ್ಲಿ ಬೇಡ, `kathe-001.mp3` ಎಂಬಂತೆ ಇರಲಿ. ಕನ್ನಡದ ಹೆಸರು ವಿಳಾಸದಲ್ಲಿ ಶೇಕಡಾ ಚಿಹ್ನೆಗಳ ಸರಮಾಲೆಯಾಗಿ ಬದಲಾಗುತ್ತದೆ.

ನನ್ನ ಫೀಡಿನಲ್ಲಿ ಮೊದಲ 62 ಕಂತುಗಳ ಗುರುತು ಇಂದಿಗೂ ಗೆಳೆಯನ ಹಳೆಯ ವಿಳಾಸದಲ್ಲೇ ಇದೆ, ಆ ತಾಣ ಮುಚ್ಚಿ ಎಷ್ಟೋ ಕಾಲವಾಯಿತು. 63ರಿಂದ ಹೊಸ ವಿಳಾಸ. ತೆರೆದು ನೋಡಿದರೆ ತೇಪೆ ಹಾಕಿದ ಕೌದಿಯಂತಿದೆ. ಹೋದ ತಿಂಗಳು ಒಂದೇ ರೀತಿ ಮಾಡಿಬಿಡೋಣವೇ ಎಂದು ಕೈ ತುರಿಸಿತು. ಫೈಲು ಮುಚ್ಚಿ ಎದ್ದುಹೋದೆ.