ಪುಸ್ತಕದ ಲಾಭಕ್ಕೂ ತೆರಿಗೆಯ ಆದಾಯಕ್ಕೂ ಯಾಕೆ ವ್ಯತ್ಯಾಸ?

ಪ್ರಶ್ನೆ: ನಮ್ಮ ಪಾಲುದಾರಿಕೆ ಸಂಸ್ಥೆಯ ಲಾಭ 8,00,000 ರೂ. ಆಡಿಟರ್ ಆದಾಯ 9,35,000 ಅಂತ ತೋರಿಸಿದ್ದಾರೆ. ಹೆಚ್ಚಿನದು ಎಲ್ಲಿಂದ ಬಂತು?

ಉತ್ತರ: ನೀವು ಖರ್ಚು ಬರೆದದ್ದನ್ನೆಲ್ಲ ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಒಪ್ಪದ್ದನ್ನು ಲಾಭಕ್ಕೆ ಮರಳಿ ಕೂಡಿಸುತ್ತಾರೆ. ಕಂಪ್ಯುಟೇಶನ್ ಹಾಳೆ ತೆಗೆದು ನೋಡಿ, ಲೆಕ್ಕ ಹೆಚ್ಚುಕಡಿಮೆ ಹೀಗಿರುತ್ತದೆ.

ಖರ್ಚಿಗೆ ಹಾಕಿದ ಮುಂಗಡ ತೆರಿಗೆ 60,000 ವಾಪಸ್ ಸೇರುತ್ತದೆ. ಆದಾಯ ತೆರಿಗೆ ಎಂದೂ ವ್ಯಾಪಾರದ ಖರ್ಚಲ್ಲ. ಒಬ್ಬ ಸರಬರಾಜುದಾರನಿಗೆ ಒಂದೇ ದಿನ ನಗದಾಗಿ ಕೊಟ್ಟ 45,000 ಕೂಡ ಸೇರುತ್ತದೆ. ದಿನಕ್ಕೆ ಒಬ್ಬರಿಗೆ 10,000 ದಾಟಿದರೆ, ಬಿಲ್ ಇದ್ದರೂ, ಪೂರ್ತಿ ಮೊತ್ತ ಹೋಯಿತು. ಗುತ್ತಿಗೆದಾರನಿಗೆ ಟಿಡಿಎಸ್ ಹಿಡಿಯದೆ 2,00,000 ಕೊಟ್ಟಿದ್ದರೆ ಅದರ ಶೇ. 30, ಅಂದರೆ 60,000.

ಸವಕಳಿಯದು ಬೇರೆ ಕಥೆ. ಪುಸ್ತಕದ 1,20,000 ಕೂಡಿಸಿ, ತೆರಿಗೆ ನಿಯಮದ ದರದಂತೆ ಬರುವ 1,50,000 ಕಳೆಯುತ್ತಾರೆ. ಒಟ್ಟು 9,35,000.

ಇವುಗಳಲ್ಲಿ ಟಿಡಿಎಸ್‌ನ 60,000 ಮಾತ್ರ ಕೈತಪ್ಪಿಲ್ಲ: ಟಿಡಿಎಸ್ ಕಟ್ಟಿದ ವರ್ಷ ಆ ಖರ್ಚು ಸಿಗುತ್ತದೆ. ಮುಂದಿನ ವರ್ಷದ ಹಾಳೆಯಲ್ಲಿ ಅದನ್ನು ಕಳೆಯಲು ಮರೆಯುವವರೇ ಹೆಚ್ಚು, ಈಗಲೇ ಗುರುತು ಹಾಕಿಡಿ. ನಗದಿನ 45,000 ಅಂತೂ ಮತ್ತೆ ಬರುವುದಿಲ್ಲ.